ಡಾಲರ್‌ನಲ್ಲಿ ನಷ್ಟ, ರೂಪಾಯಿಯಲ್ಲಿ ಲಾಭ! ಆರ್‌ಎಸ್‌ಯು ಲೆಕ್ಕ ಎಲ್ಲಿ ತಪ್ಪಿದೆ?

ಕ್ಯಾತ್ಸಂದ್ರ ಪ್ಯಾಸೆಂಜರ್: ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು ನಾನು. ನಮ್ಮ ಕಂಪನಿಯ ಅಮೆರಿಕದ ಮೂಲ ಕಂಪನಿ ನೌಕರರಿಗೆ ಆರ್‌ಎಸ್‌ಯು ಅಂತ ಷೇರು ಕೊಡುತ್ತದೆ. 2022ರಲ್ಲಿ ಗ್ರಾಂಟ್ ಆದಾಗ, ಅಂದರೆ ಕೊಡ್ತೀವಿ ಅಂತ ಹೇಳಿದಾಗ, ಬೆಲೆ 70 ಡಾಲರ್, 2024ರ ಫೆಬ್ರುವರಿಯಲ್ಲಿ 30 ಷೇರು ವೆಸ್ಟ್ ಆಗಿ ನನ್ನ ಹೆಸರಿಗೆ ಬಂದಾಗ 100. 2025ರ ಫೆಬ್ರುವರಿ 5ಕ್ಕೆ ಅಷ್ಟನ್ನೂ 99ರಂತೆ ಮಾರಿದೆ. ಬ್ರೋಕರ್ ಸ್ಟೇಟ್‌ಮೆಂಟಿನಲ್ಲಿ 30 ಡಾಲರ್ ನಷ್ಟ ಅಂತಿದೆ. ನಮ್ಮ ಆಡಿಟರ್ ಮಾತ್ರ ಲಾಭ ಬಂದಿದೆ, ತೆರಿಗೆ ಕಟ್ಟಿ ಅನ್ನುತ್ತಾರೆ!

ರಾಗಿಮುದ್ದೆ: ಗ್ರಾಂಟ್ ಬೆಲೆ ಮರೆತುಬಿಡಿ, ಅದು ಲೆಕ್ಕಕ್ಕೇ ಬರಲ್ಲ. ಬ್ಯಾಂಕಿಗೆ ಎಷ್ಟು ರೂಪಾಯಿ ಬಂತೋ ಅದರಲ್ಲಿ ವೆಸ್ಟ್ ದಿನದ ಬೆಲೆ ಕಳೆದರೆ ಆಯ್ತು.

ಬಟವಾಡಿ ಅಕ್ಕ: ಅರ್ಧ ಸರಿ ರಾಗಿಮುದ್ದೆಯವರೇ. ಬ್ಯಾಂಕಿಗೆ ಬಂದ ದುಡ್ಡು ಬ್ಯಾಂಕಿನ ದರದ್ದು, ಅದರಲ್ಲಿ ಶುಲ್ಕವೂ ಹಿಡಿದಿರುತ್ತಾರೆ. ಆದಾಯ ತೆರಿಗೆಯ ನಿಯಮ 115 ಕೇಳುವುದು ಬೇರೆ: ಮಾರಿದ ತಿಂಗಳ ಹಿಂದಿನ ತಿಂಗಳಿನ ಕೊನೆಯ ದಿನ ಎಸ್‌ಬಿಐ ಕೊಟ್ಟ ದರ. ಇವರಿಗೆ ಅದು ಜನವರಿ 31. ಎಸ್‌ಬಿಐ ದರಪಟ್ಟಿಯಲ್ಲಿ `TT BUY` ಅನ್ನುವ ಕಾಲಂ ನೋಡಿ, ಪಕ್ಕದ `TT SELL` ಅಲ್ಲ.

ಸುಲಭಕ್ಕೆ ವೆಸ್ಟ್ ಆದಾಗ ಕಂಪನಿ ಹಿಡಿದ ದರ 83, ಜನವರಿ 31ರದು 86 ಅಂದುಕೊಳ್ಳಿ. ಪೈಸೆ ಬಿಟ್ಟಿದ್ದೇನೆ, ರಿಟರ್ನಿಗೆ ಪೂರ್ತಿ ದರವನ್ನೇ ಹಾಕಿ.

```
ಖರೀದಿ  30 × 100 × 83 = 2,49,000
ಮಾರಾಟ  30 × 99 × 86 = 2,55,420
ಲಾಭ                    6,420
```

ಷೇರು ಒಂದು ಡಾಲರ್ ಇಳಿಯಿತು, ಆದರೆ ಡಾಲರ್ ಮೂರು ರೂಪಾಯಿ ಏರಿತು. ನಿಮ್ಮ ಆಡಿಟರ್ ಹೇಳಿದ್ದೇ ಸರಿ. ಇಟ್ಟುಕೊಂಡಿದ್ದು 24 ತಿಂಗಳಿಗಿಂತ ಕಡಿಮೆ, ಹಾಗಾಗಿ ನಿಮ್ಮ ಸ್ಲ್ಯಾಬ್ ದರದಲ್ಲೇ ತೆರಿಗೆ.

ಕೋಲಾರದ ಮಾವು: ನಮ್ಮದು ಇನ್ನೂ ಲಿಸ್ಟ್ ಆಗದ ಸ್ಟಾರ್ಟಪ್, ಆಪ್ಷನ್ ತಗೊಂಡು ಎರಡು ವರ್ಷ ಆಯ್ತು, ಮಾರೋಕೆ ಗಿರಾಕಿನೇ ಇಲ್ಲ. ಇದೇ ಲೆಕ್ಕ ನಂಗೂ ಹಾಕಬಹುದಾ?

ಬಟವಾಡಿ ಅಕ್ಕ: ಮಾರಿಲ್ಲ ಅಂದ ಮೇಲೆ ಯಾವ ಲಾಭ ಮಾವಿನವರೇ, ಮಾರಿದಾಗ ಬನ್ನಿ. ಪ್ಯಾಸೆಂಜರ್, ಖರೀದಿ ಬೆಲೆಯನ್ನು ಮಾತ್ರ ನೀವೇ ಗುಣಿಸಿ ಹಾಕಬೇಡಿ. ಕಂಪನಿ ಆಗ ಸಂಬಳಕ್ಕೆ ಸೇರಿಸಿ ತೆರಿಗೆ ಹಿಡಿದ ಮೌಲ್ಯವೇ ನಿಮ್ಮ ಖರೀದಿ ಬೆಲೆ, ಕಂಪನಿ ಕೊಟ್ಟ 2023-24ರ ಫಾರಂ 12ಬಿಎ ತೆಗೆದು ನೋಡಿ. ಅಲ್ಲಿ ಸರಿಯಾಗಿ 2,49,000 ಇರದೆಯೂ ಇರಬಹುದು, ಯಾಕೆಂದರೆ ವಿದೇಶಿ ಷೇರಿಗೆ ಮರ್ಚೆಂಟ್ ಬ್ಯಾಂಕರ್ ಹಾಕಿದ ಬೆಲೆ ಹಿಡಿಯುತ್ತಾರೆ.

ಕ್ಯಾತ್ಸಂದ್ರ ಪ್ಯಾಸೆಂಜರ್: ತೆಗೆದೆ ಅಕ್ಕ. ಆ ವರ್ಷ ಆಗಸ್ಟಿನಲ್ಲೂ ಒಂದು ವೆಸ್ಟ್ ಆಗಿತ್ತು, ಎರಡನ್ನೂ ಕೂಡಿಸಿ ಒಂದೇ ಮೊತ್ತ ಹಾಕಿದ್ದಾರೆ!

ಬಟವಾಡಿ ಅಕ್ಕ: ಆ ಎರಡು ತಿಂಗಳ ಪೇಸ್ಲಿಪ್ ನೋಡಿ, ಬಿಡಿಬಿಡಿಯಾಗಿ ಸಿಗಬೇಕು. ಇಲ್ಲವಾದರೆ ಪೇರೋಲ್‌ನವರಿಗೆ ಮೇಲ್ ಹಾಕಿ ಕೇಳಿ, ಸುಮ್ನೆ ಅಂದಾಜಿಗೆ ಭಾಗ ಮಾಡಬೇಡಿ.

ಕ್ಯಾತ್ಸಂದ್ರ ಪ್ಯಾಸೆಂಜರ್: ಫೆಬ್ರುವರಿ ಪೇಸ್ಲಿಪ್ ಇದೆ, ಆಗಸ್ಟಿನದು ಹಳೇ ಪೋರ್ಟಲ್ ಜೊತೆ ಹೋಯ್ತು. ಫೆಬ್ರುವರಿಯದರಲ್ಲಿ 2,48,310 ಇದೆ. ಪೇರೋಲ್‌ಗೆ ಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಇಲ್ಲ.