‘ಮೇಲ್ಕಂಡ ಬಾಕಿ’ ಅಂದರೆ ಯಾವ ಬಾಕಿ?

ಕೇಳುತ್ತಿರುವವರು, ಒಬ್ಬ ಅನುವಾದಕಿ:
ನಮಸ್ಕಾರ. ಒಂದು ಪ್ರಕಾಶನಕ್ಕೆ ಎರಡು ಕೆಲಸ ಮಾಡಿಕೊಟ್ಟಿದ್ದೇನೆ. ಬಿಲ್ ನಂಬರ್ 17 ಮತ್ತು 21, ತಲಾ 60,000 ರೂಪಾಯಿ. ನೆನಪಿಸುವ ಇಮೇಲಿನಲ್ಲಿ ‘ಮೇಲ್ಕಂಡ ಬಾಕಿಯನ್ನು 15ರೊಳಗೆ ಕಳಿಸಿ’ ಎಂದರೆ ಸಾಲದೇ? ಮೊದಲ ಮೇಲಿನಲ್ಲಿ ಎಲ್ಲ ವಿವರ ಇದೆ. ಪ್ರತಿ ಸಲ ನಂಬರ್, ಮೊತ್ತ, ತಾರೀಕು, ಹಣ ಕಳಿಸುವ ಬಗೆ ಎಲ್ಲವನ್ನೂ ಬರೆದರೆ ಮಾತು ಒರಟಾಗುತ್ತದೆ ಅನ್ನಿಸುತ್ತದೆ.

ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವರು:
ಮೇಡಂ, ‘ಮೇಲ್ಕಂಡ’ ನಡೆಯುವುದು ಒಂದೇ ಹಾಳೆಯಲ್ಲಿ. ಸಂಪಾದಕರು ನಮಗೆ ಫಾರ್ವರ್ಡ್ ಮಾಡುವಾಗ ಎಷ್ಟೋ ಸಲ ಕೊನೆಯ ಮೇಲ್ ಒಂದೇ ಬರುತ್ತದೆ. ಮೊತ್ತ ಹಾಕಿ ಹುಡುಕಿದರೆ ನಿಮ್ಮ ಎರಡೂ ಬಿಲ್ ಸಿಗುತ್ತವೆ. ನಾವು 21ಕ್ಕೆಂದು ಹಣ ಹಾಕುತ್ತೇವೆ, ನೀವು 17ಕ್ಕೆ ಜಮಾ ಮಾಡಿಕೊಳ್ಳುತ್ತೀರಿ. ಆಮೇಲೆ ಇಬ್ಬರ ಪುಸ್ತಕದಲ್ಲೂ ಬೇರೆ ಬೇರೆ ಬಿಲ್ ಬಾಕಿ! 1872ರ ಕರಾರು ಕಾಯ್ದೆಯ 59ರಿಂದ 61ನೇ ಕಲಮುಗಳು ಇದನ್ನೇ ಹೇಳುತ್ತವೆ. ಕೊಡುವವರು ಯಾವುದಕ್ಕೆ ಎಂದು ಹೇಳಿ ಕೊಟ್ಟದ್ದನ್ನು ಪಡೆದರೆ ಅದಕ್ಕೇ ಜಮಾ ಮಾಡಬೇಕು. ಹೇಳದಿದ್ದರೆ ಪಡೆಯುವವರು ಆರಿಸಬಹುದು. ಇಬ್ಬರೂ ಸುಮ್ಮನಿದ್ದರೆ ಹಳೆಯದು ಮೊದಲು.

ಇನ್ನೊಬ್ಬ ಸದಸ್ಯರು:
‘ಬಾಕಿ’ ಎಂಬುದೇ ಗೊಂದಲದ ಮಾತು. ಪೂರ್ತಿ ಹಣವೂ ಬಾಕಿಯೇ, ಉಳಿದ ಚೂರೂ ಬಾಕಿಯೇ. 60,000ದ ಬಿಲ್ಲಿಗೆ 54,000 ಬಂದರೆ ‘6,000 ಬಾಕಿ’ ಎಂದು ಬರೆದುಬಿಡಿ.

ಲೆಕ್ಕಪತ್ರದವರು:
ಮಾತಿನ ಬಗ್ಗೆ ನೀವು ಹೇಳಿದ್ದು ಸರಿ, ಲೆಕ್ಕ ಹಾಗಲ್ಲ. ಆ 6,000 ಶೇ. 10ರ ಟಿಡಿಎಸ್ ಆಗಿದ್ದರೆ ಅದು ಮೇಡಂ ಹೆಸರಿನಲ್ಲೇ ತೆರಿಗೆಗೆ ಕಟ್ಟಿದ ಹಣ. ತೆರಿಗೆ ಇಲಾಖೆಯ ದಾಖಲೆಯಲ್ಲಿ ಅವರ ಹೆಸರಿಗೆ ಬಂದಿದೆಯಾ ನೋಡಿಕೊಳ್ಳಬೇಕು, ಅಷ್ಟೇ. ಅದಕ್ಕೇ ‘ಬಿಲ್ ಮೊತ್ತ 60,000, ಟಿಡಿಎಸ್ ಕಳೆದು ಬರಬೇಕಾದ್ದು 54,000’ ಎಂದು ಎರಡನ್ನೂ ಬರೆಯುವುದು ಒಳ್ಳೆಯದು.

ಒಬ್ಬ ನಿವೃತ್ತರು:
ನಮ್ಮ ಅಪಾರ್ಟ್‌ಮೆಂಟಿನಲ್ಲಿ ‘10ರೊಳಗೆ’ ಕಟ್ಟಿ ಎಂದಿದ್ದರು. 10ಕ್ಕೇ ಕಟ್ಟಿದೆ, ದಂಡ ಹಾಕಿದರು. ಇದಕ್ಕೆ ಯಾರನ್ನು ಕೇಳಬೇಕು?

ಅನುವಾದಕಿ:
ದಂಡದ ವಿಷಯ ಗೊತ್ತಿಲ್ಲ ಸರ್. ಆದರೆ ‘ಒಳಗೆ’ ಅಂದರೆ ಆ ದಿನವೂ ಸೇರುತ್ತದೆ ಅಂತಲೇ ನಾನು ತಿಳಿದಿದ್ದೆ. ‘ಕೊನೆಯ ದಿನ 15’ ಎಂದರೆ ಸಂಶಯ ಇರಲ್ಲ ಅಲ್ವಾ? ಇನ್ನು ಬ್ಯಾಂಕಿನ ವಿವರವನ್ನೂ ಪ್ರತಿ ಸಲ ಕೊಡಬೇಕಾ?

ಲೆಕ್ಕಪತ್ರದವರು:
ನೆಫ್ಟ್ ಎಂದು ಹೇಳಿ, ಖಾತೆಯ ಕೊನೆಯ ನಾಲ್ಕು ಅಂಕೆ ಕೊಡಿ, ಸಾಕು. ‘ಖಾತೆ ಬದಲಾಗಿದೆ’ ಎಂದು ನಿಮ್ಮ ಹೆಸರಿನಲ್ಲಿ ಮೋಸದ ಮೇಲ್ ಬಂದರೆ ಅಂಕೆ ತಾಳೆಯಾಗದ್ದು ನಮಗೆ ತಕ್ಷಣ ಕಾಣುತ್ತದೆ. ಆಗ ಮೊದಲೇ ನಮ್ಮಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳುತ್ತೇವೆ. ಹೀಗೆ ಬರೆಯಿರಿ: ‘ಬಿಲ್ 17ರ ಬಾಬ್ತು 60,000 ರೂ., ಟಿಡಿಎಸ್ ಕಳೆದು 54,000 ರೂ. ಕೊನೆಯ ದಿನ 15. ನೆಫ್ಟ್ ಮೂಲಕ, ಖಾತೆಯ ಕೊನೆಯ ಅಂಕೆ ಇಂಥದ್ದು.’ 15ರ ಜೊತೆ ತಿಂಗಳು, ವರ್ಷ ಮರೆಯಬೇಡಿ.

ಇನ್ನೊಬ್ಬ ಸದಸ್ಯರು:
‘ಬಾಬ್ತು’ ಈಗಿನ ಹುಡುಗರಿಗೆ ತಿಳಿಯುತ್ತದಾ? ನಾನಾದರೆ ‘ಬಿಲ್ 17ಕ್ಕೆ’ ಅನ್ನುತ್ತಿದ್ದೆ.