ನಾರು, ನಾತ, ವಾಸನೆ: ಮೂಗಿನ ಪದಗಳು ಯಾಕೆ ಕೆಡುತ್ತವೆ?

ಪ್ರಶ್ನೆ (ಮಕ್ಕಳ ಕತೆಗಳ ಅನುವಾದಕಿ)

ಎಲ್ಲರಿಗೂ ನಮಸ್ಕಾರ. ಕಣ್ಣು ಕಾಣದ ನಾಯಿಮರಿಯ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದು ಎಲ್ಲವನ್ನೂ ಮೂಸಿಯೇ ಗುರುತು ಹಿಡಿಯುತ್ತದೆ. ಒಂದು ಕಡೆ ‘ಅಜ್ಜಿಯ ಸೀರೆಯ ವಾಸನೆ ಅದಕ್ಕೆ ಗೊತ್ತಿತ್ತು’ ಎಂದು ಬರೆದೆ. ಕರಡು ಓದಿದವರು ಏನೂ ಅನ್ನಲಿಲ್ಲ. ಇನ್ನೊಂದು ಕಡೆ ‘ಅಜ್ಜಿಯ ಸೀರೆ ವಾಸನೆ ಬರುತ್ತಿತ್ತು’ ಎಂದು ಬರೆದಿದ್ದೆ. ಅಲ್ಲಿ ಮಾತ್ರ ಎಲ್ಲರೂ ಸೀರೆ ಕೊಳೆಯಾಗಿದೆ ಅಂದುಕೊಂಡರು. ಪದ ಅದೇ ಅಲ್ವಾ? ‘ವಾಸನೆ’ ಆಗಲೇ ಕೆಟ್ಟ ಪದ ಆಗಿಬಿಟ್ಟಿದೆಯೇ, ಅಥವಾ ಈಗ ಆಗುತ್ತಿದೆಯೇ?

ಉತ್ತರ (ನಿವೃತ್ತ ಮೇಷ್ಟ್ರು)

ಇದು ಹೊಸದೇನಲ್ಲ ತಾಯಿ. ‘ನಾರು’ ನಮ್ಮ ಸ್ವಂತ ಪದ, ಮೊದಲು ಅದಕ್ಕೆ ಒಳ್ಳೆಯ ಅರ್ಥವೂ ಇತ್ತು. ಸಂಸ್ಕೃತದ ‘ವಾಸನೆ’ ಬಂತು, ನಮ್ಮದನ್ನು ಕೆಳಕ್ಕೆ ತಳ್ಳಿತು. ‘ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತು’ ಎಂಬ ಗಾದೆಯಲ್ಲಿ ನೋಡಿ, ಹಳೆಯ ಒಳ್ಳೆಯ ನಾರು ಹಾಗೇ ಉಳಿದಿದೆ.

ಉತ್ತರ (ಸಾಬೂನು ತಯಾರಿಕೆಯಲ್ಲಿರುವವರು)

ವಾಸನೆ ಬೇಡ ಅಂದರೆ ಪರಿಮಳ, ಕಂಪು, ಸುವಾಸನೆ, ಘಮ ಎಲ್ಲಾ ಇವೆಯಲ್ಲ ಮೇಡಂ. ‘ಗಂಧ’ ಮಾತ್ರ ಹಾಕಬೇಡಿ. ಗಂಧ ಅಂದರೆ ಯಾವುದೇ ವಾಸನೆ ಎಂದು ನಿಘಂಟಿನಲ್ಲಿದೆ. ಅದನ್ನು ನೋಡಿಕೊಂಡು ನಾವು ಒಂದು ಸಾಬೂನಿನ ಮೇಲೆ ‘ಗಂಧವಿಲ್ಲದ್ದು’ ಎಂದು ಅಚ್ಚು ಹಾಕಿಸಿದ್ದೆವು. ‘ಗಂಧ ಇಲ್ಲ ಅಂದರೆ ಮಲ್ಲಿಗೆಯದ್ದಾ?’ ಎಂದು ಗಿರಾಕಿಗಳು ಕೇಳುತ್ತಿದ್ದರು. ಜನರಿಗೆ ಗಂಧ ಎಂದರೆ ಶ್ರೀಗಂಧ ಒಂದೇ.

ಉತ್ತರ (ಹಳಗನ್ನಡ ಪಾಠ ಹೇಳುವವರು)

ಮೇಷ್ಟ್ರೇ, ‘ನಾರು’ ಮೊದಲು ಕೆಟ್ಟದ್ದಕ್ಕೇ ಮೀಸಲಾಗಿರಲಿಲ್ಲ ಅನ್ನುವುದು ಸರಿ. ಆದರೆ ಗಾದೆಯ ನಾರು ಬೇರೆ ಪದ. ಅದು ಹೂ ಕಟ್ಟುವ ಎಳೆ. ಹಳಗನ್ನಡದಲ್ಲಿ ಎಳೆಗೆ ‘ನಾರ್’, ಮೂಗಿಗೆ ಬರುವುದಕ್ಕೆ ‘ನಾಱು’ ಎಂದು ಬರೆಯುತ್ತಿದ್ದರು. ಱ ಬಳಕೆ ತಪ್ಪಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅರ್ಥ ಬದಲಾಯಿತು ಅನ್ನುವ ಮೊದಲು ಇದನ್ನು ನೋಡಲೇಬೇಕು. ಇಲ್ಲದಿದ್ದರೆ ಎರಡು ಪದಗಳ ಕತೆಯನ್ನು ಒಂದಕ್ಕೆ ಹೊಲಿದುಬಿಡುತ್ತೇವೆ.

ನಿಮ್ಮ ಮಾತಿಗೆ ಬೇರೆ ಸಾಕ್ಷಿ ಇದೆ. ‘ನಱುಗಂಪು’ ಎಂಬಲ್ಲಿನ ನಱು ಇದೇ ಬೇರಿನದು. ಅಲ್ಲಿ ಸುವಾಸನೆಯದೇ ಅರ್ಥ. ತಮಿಳಿನಲ್ಲಿ ಇನ್ನೂ ಸ್ಪಷ್ಟ. ಹಳೆಯ ಭಕ್ತ ಕವಯಿತ್ರಿ ಆಂಡಾಳ್ ತನ್ನ ತಿರುಪ್ಪಾವೈಯಲ್ಲಿ ನಾರಾಯಣ ಮುಡಿದ ತುಳಸಿಯ ಕಂಪಿಗೆ ‘ನಾಟ್ರಂ’ ಎನ್ನುತ್ತಾಳೆ. ಇವತ್ತಿನ ತಮಿಳಿನಲ್ಲಿ ಹಾಗೆಂದರೆ ದುರ್ವಾಸನೆ. ಮಲಯಾಳದಲ್ಲೂ ಹಾಗೇ ಆಗಿದೆ.

ಸಂಸ್ಕೃತ ತಳ್ಳಿತು ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಅದೇ ಕಾರಣವಾಗಿದ್ದರೆ ನಮ್ಮದೇ ಪದವಾದ ‘ಕಂಪು’ ಕೂಡ ಬೀಳಬೇಕಿತ್ತು. ಅದು ಬಿದ್ದಿಲ್ಲ. ‘ವಾಸನೆ’ ತಾನೇ ಈಗ ಜಾರುತ್ತಿದೆ. ನಾವು ಮಾತಾಡುವ ರೀತಿಯನ್ನು ಗಮನಿಸಿ. ಒಳ್ಳೆಯದಿದ್ದರೆ ‘ಘಮ್ ಅಂತಿದೆ’ ಎಂದು ಬಾಯ್ತುಂಬ ಹೇಳುತ್ತೇವೆ. ಕೆಟ್ಟದ್ದಿದ್ದರೆ ‘ನಾರ್ತಿದೆ’ ಅನ್ನುವುದಕ್ಕೆ ಸಂಕೋಚ. ಅದಕ್ಕೇ ‘ಏನೋ ವಾಸನೆ’ ಅಂತೀವಿ. ಮರ್ಯಾದೆಗೆಂದು ಆರಿಸಿಕೊಂಡ ಪದಕ್ಕೇ ಕೊನೆಗೆ ಆ ಕೆಟ್ಟ ಅರ್ಥ ಅಂಟಿಕೊಳ್ಳುತ್ತದೆ.

ಎಲ್ಲಾ ಪದಗಳೂ ಬೀಳುತ್ತವೆ ಅಂತಲ್ಲ. ‘ಸೊಗಡು’ ಮೂಗಿಗೆ ಬಡಿಯುವ ಜೋರು ವಾಸನೆ. ಈಗ ‘ಮಾತಿನ ಸೊಗಡು’ ಅಂದರೆ ಹೊಗಳಿಕೆ. ಆದರೆ ಹಾಗೆ ಮೇಲೇರುವಾಗ ಅದು ಮೂಗನ್ನು ಬಿಟ್ಟು ಭಾಷೆಯ ಕಡೆಗೆ ಬಂತು ಎನ್ನುವುದು ನನಗೆ ಮುಖ್ಯ ಅನ್ನಿಸುತ್ತದೆ.

ಉತ್ತರ (ತಮಿಳು ಮನೆಮಾತಿನವರು)

ನಿಮ್ಮ ವಿವರಣೆ ಚೆನ್ನಾಗಿದೆ, ಆದರೆ ಒಂದು ತೊಡಕು. ನಮ್ಮಲ್ಲೂ ‘ವಾಸನೈ’ ಇದೆ, ಹೆಚ್ಚಾಗಿ ಒಳ್ಳೆಯದಕ್ಕೇ ಬಳಸುತ್ತೇವೆ. ಹೂವಿಗೆ, ಊದುಬತ್ತಿಗೆ ಧಾರಾಳವಾಗಿ ಹೇಳುತ್ತೇವೆ. ಸಂಕೋಚ ನಮಗೂ ಇದೆಯಲ್ಲ, ನಮ್ಮ ವಾಸನೈ ಯಾಕೆ ಬೀಳಲಿಲ್ಲ?

ಹಳಗನ್ನಡ ಪಾಠ ಹೇಳುವವರು

ಒಳ್ಳೆಯ ಪ್ರಶ್ನೆ. ಸಂಕೋಚವೊಂದೇ ಕಾರಣ ಅಲ್ಲ ಎಂದಾಯಿತು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸಾಬೂನಿನವರೇ, ನೀವು ಕೊಟ್ಟ ಪದಗಳೆಲ್ಲ ಒಳ್ಳೆಯ ಕಡೆಯವು. ನಾಯಿಗೆ ಒಳ್ಳೆಯದು ಕೆಟ್ಟದ್ದು ಅಂತ ಇಲ್ಲ, ಅದೇ ನನ್ನ ಕಷ್ಟ.

ಕರಡನ್ನು ಮತ್ತೆ ನೋಡಿದೆ. ‘ಹೂವಿನ ವಾಸನೆ’, ‘ಮಳೆಯ ವಾಸನೆ’ ಹೀಗೆ ಯಾವುದರದ್ದು ಎಂದು ಹಿಂದೆ ಹೇಳಿದ ಕಡೆ ಪದ ಇನ್ನೂ ಹಸನಾಗಿದೆ. ‘ಬಟ್ಟೆ ವಾಸನೆ ಬರುತ್ತಿದೆ’ ಎಂದು ಸುಮ್ನೆ ಬಿಟ್ಟ ಕಡೆ ಮಾತ್ರ ಕೆಡುತ್ತದೆ. ಹಾಗಾಗಿ ಆ ಸಾಲನ್ನು ‘ಸೀರೆಗೆ ಅಜ್ಜಿಯ ವಾಸನೆ ಇತ್ತು’ ಎಂದು ತಿದ್ದಿದ್ದೇನೆ. ಇದನ್ನು ಓದಿದಾಗಲೂ ಯಾರಿಗಾದರೂ ಮೂಗು ಮುರಿಯಬೇಕು ಅನ್ನಿಸಿದರೆ ದಯವಿಟ್ಟು ಬರೆಯಿರಿ. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ.