ಸಹಾಯ ಬೇಕು: ಹಳೇ ಇಯರ್‌ಬಡ್‌ನ ಎಡಗಡೆ ಬ್ಯಾಟರಿ ಬೇಗ ಖಾಲಿ ಆಗ್ತಿದೆ

ಎಲ್ಲರಿಗೂ ನಮಸ್ಕಾರ. ತಂಗಿಯ ಆನ್‌ಲೈನ್ ಕ್ಲಾಸಿಗೆಂದು ಸೆಕೆಂಡ್ ಹ್ಯಾಂಡ್ ಇಯರ್‌ಬಡ್ ತಗೊಂಡಿದ್ದೇನೆ. ಮೊದಲು ಅದು ನಮ್ಮ ಫೋನಿಗೆ ಸೇರುತ್ತಲೇ ಇರಲಿಲ್ಲ, ಹಳೇ ಪೇರಿಂಗ್ ಉಳಿದುಕೊಂಡಿತ್ತು. ಎರಡೂ ಬಡ್ ಕೇಸಿನಲ್ಲಿಟ್ಟು, ಮುಚ್ಚಳ ತೆರೆದು, ಕೇಸಿನ ಬಟನ್ ಸುಮಾರು 15 ಸೆಕೆಂಡ್ ಒತ್ತಿ ಹಿಡಿದೆ. ಲೈಟ್ ಮಿನುಗಿತು, ಆಮೇಲೆ ಸೇರಿತು.

ಕಿವಿಗೆ ಹಾಕುವ ವಸ್ತು ಅಲ್ವಾ, ಅದಕ್ಕೇ ಚೆನ್ನಾಗಿ ಕ್ಲೀನ್ ಮಾಡಿದೆ. ರಬ್ಬರ್ ತುದಿಗಳನ್ನು ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ರಾತ್ರಿಯಿಡೀ ಒಣಗಿಸಿದೆ. ಜಾಲರಿಯಲ್ಲಿ ಹಳದಿ ಗುಗ್ಗೆ ಅಂಟಿತ್ತು. ಅಲ್ಲಿಗೆ ನೀರು ಸೋಕಿಸಲಿಲ್ಲ. ಜಾಲರಿ ಕೆಳಮುಖ ಮಾಡಿ, ಒಣ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ ಉದುರಿಸಿದೆ.

ಈಗ ತೊಂದರೆ ಬ್ಯಾಟರಿಯದು. ಎರಡನ್ನೂ 100% ಚಾರ್ಜ್ ಮಾಡಿ, ಅರ್ಧ ವಾಲ್ಯೂಮ್‌ನಲ್ಲಿ ಒಟ್ಟಿಗೆ ಹಾಡು ಹಚ್ಚಿದೆ. ಬಲಗಡೆಯದು 3 ಗಂಟೆ ಬಂತು. ಎಡಗಡೆಯದು 50 ನಿಮಿಷಕ್ಕೇ ನಿಂತಿತು, ಅದೂ 40% ತೋರಿಸುತ್ತಿದ್ದಾಗ. ಚಾರ್ಜಿಂಗ್ ಪಿನ್‌ಗಳ ಕೊಳೆ ಇರಬಹುದೆಂದು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಮತ್ತೆ ಅದೇ ಪರೀಕ್ಷೆ ಮಾಡಿದೆ. ಏನೂ ಬದಲಾಗಲಿಲ್ಲ. ಪಿನ್ ಕೊಳೆಯಾಗಿದ್ದರೆ ಚಾರ್ಜೇ ತುಂಬುತ್ತಿರಲಿಲ್ಲ. ತುಂಬಿಯೂ ಹೀಗೆ ದಿಢೀರನೆ ನಿಲ್ಲುವುದೆಂದರೆ ಸೆಲ್ಲೇ ಸೋತಿದೆ ಅಂತ ನನ್ನ ಅನಿಸಿಕೆ.

ಒಳಗಿನ ಗುಂಡು ಲಿಥಿಯಂ ಸೆಲ್ ಬದಲಾಯಿಸಿದವರು ಯಾರಾದರೂ ಇದ್ದೀರಾ? ಅಂಟು ಹಾಕಿದ ಜೋಡಣೆ, ಚೂಪು ವಸ್ತು ಸೆಲ್ಲಿಗೆ ಚುಚ್ಚಿದರೆ ಬೆಂಕಿ ಹತ್ತಬಹುದೆಂಬ ಭಯದಿಂದ ನಾನೇ ಬಿಚ್ಚಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಈ ಕೆಲಸ ಮಾಡಿಕೊಡುತ್ತಾರಾ? ಅಥವಾ ಎಡಗಡೆ ಬಡ್ ಒಂದನ್ನೇ ಬೇರೆ ತಂದರೆ ಬಲಗಡೆಯದಕ್ಕೆ ಜೋಡಿಯಾಗುತ್ತದಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.